ಓನರ್ ಕೊಟ್ಟ ಫ್ರಿಜ್ ಕೆಟ್ಟಾಗ: ರಿಪೇರಿಯೋ, ಸೆಕೆಂಡ್‌ಹ್ಯಾಂಡೋ, ಹೊಸದೋ, ನಮ್ಮದೇ ಒಂದೋ?

ಫ್ರಿಜ್‌ನ ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಓಡಿ ಓಡಿ ಖಾಲಿಯಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕೊಳವೆಗೆ ಎಲ್ಲೂ ತೂತಾಗದಿದ್ದರೆ ಹದಿನೈದು ವರ್ಷ ಕಳೆದರೂ ಗ್ಯಾಸು ಹಾಗೇ ಇರಬೇಕು. ಈ ಸಣ್ಣ ವಿಷಯ ನನಗೆ ಗೊತ್ತಾಗುವ ಹೊತ್ತಿಗೆ 2,800 ರೂಪಾಯಿ ಖರ್ಚಾಗಿತ್ತು.

ನಾವಿರುವುದು ಬೆಂಗಳೂರಿನ ವಿಜಯನಗರದ ಎರಡನೇ ಮಹಡಿಯ ಸೆಮಿ ಫರ್ನಿಶ್ಡ್ ಮನೆಯಲ್ಲಿ. ಬಾಡಿಗೆ 26,000. ಮನೆ ಜೊತೆಗೆ ಫ್ರಿಜ್, ವಾಷಿಂಗ್ ಮಷಿನ್, ಎರಡು ಮಂಚ, ಗೀಸರ್ ಬಂದಿದ್ದವು. ಓನರ್ ಮೈಸೂರಿನಲ್ಲಿದ್ದಾರೆ. 2024ರ ಅಕ್ಟೋಬರಿನಲ್ಲಿ ಫ್ರಿಜ್ ತಣ್ಣಗಾಗುವುದು ನಿಂತಾಗ ಬಡಾವಣೆಯ ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿಯಾಗಿದೆ ಮೇಡಂ" ಎಂದು ತುಂಬಿಸಿ ಹೋದರು. ಓನರ್ ಮರುಮಾತಿಲ್ಲದೆ ದುಡ್ಡು ಕಳಿಸಿದರು. 2025ರ ಮಾರ್ಚಿನಲ್ಲಿ, ಬೇಸಿಗೆ ಶುರುವಾಗುವ ಹೊತ್ತಿಗೆ, ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಹರಿದಿತ್ತು. ಐದೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ಹೊಸ ಫ್ರಿಜ್ ಕೊಡಿಸಿ ಎಂದು ಕೇಳಬೇಕೋ, ರಿಪೇರಿ ಮಾಡಿಸಿ ಎನ್ನಬೇಕೋ, ನಾವೇ ತೆಗೆದುಕೊಂಡುಬಿಡಬೇಕೋ? ಆಗ ಒಂದೊಂದನ್ನೂ ಲೆಕ್ಕ ಹಾಕಿ ನೋಡಿದೆವು. ಇದೇ ಸ್ಥಿತಿಯಲ್ಲಿರುವ ಬಾಡಿಗೆದಾರರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಕೆಟ್ಟದ್ದೇನು, ಕೆಟ್ಟದ್ದು ಯಾರಿಂದ

ಓನರ್‌ಗೆ ಫೋನ್ ಮಾಡುವ ಮೊದಲು ಈ ಎರಡು ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇರಬೇಕು. ಹಳೆಯ ಫ್ರಿಜ್ ನಿಂತ ಮಾತ್ರಕ್ಕೆ ಅದರ ಆಯಸ್ಸು ಮುಗಿಯಿತು ಎಂದಲ್ಲ. ಕಂಪ್ರೆಸರ್ ಕೆಲವು ನಿಮಿಷಕ್ಕೊಮ್ಮೆ 'ಟಿಕ್' ಎಂದು ಸದ್ದು ಮಾಡಿ ಸ್ಟಾರ್ಟ್ ಆಗದೆ ಸುಮ್ಮನಾಗುತ್ತಿದ್ದರೆ, ಬಹಳ ಸಲ ಹೋಗಿರುವುದು ಅದರ ಪಕ್ಕದಲ್ಲಿದ್ದು ಅದನ್ನು ಸ್ಟಾರ್ಟ್ ಮಾಡಿಸುವ ರಿಲೇ. ಅದು ಕೆಲವು ನೂರು ರೂಪಾಯಿಯ ಕೆಲಸ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ತಂಪು ನಿಲ್ಲುವುದಿಲ್ಲ. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ, ಹಿಡಿತವೇ ಇಲ್ಲದೆ ಬಂದರೆ ತೊಂದರೆ ರಬ್ಬರಿನದು. ಇಂಥವುಗಳಿಗೆ ಹೊಸ ಫ್ರಿಜ್ ಕೇಳಲು ಹೋದರೆ ಮುಂದೆ ನಿಜವಾಗಿ ಕೇಳಬೇಕಾದಾಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಇನ್ನೂ ಒಂದು ಗುರುತಿದೆ. ಮೆಕ್ಯಾನಿಕ್ ಫ್ರೀಜರಿನ ಹಿಂಬದಿಯ ಹಲಗೆ ಬಿಚ್ಚಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಒಳಗಿನ ಸುರುಳಿಯ ತುಂಬಾ ದಪ್ಪ ಮಂಜು ಕಟ್ಟಿಕೊಂಡಿದ್ದರೆ ಮಂಜು ಕರಗಿಸುವ ಹೀಟರೋ ಸೆನ್ಸರೋ ಹೋಗಿದೆ, ಅದೂ ಸಣ್ಣ ರಿಪೇರಿಯೇ. ಸುರುಳಿಯ ಒಂದು ಮೂಲೆಗೆ ಮಾತ್ರ ಮಂಜು ಹಿಡಿದು ಉಳಿದದ್ದು ಒಣಗಿದ್ದರೆ, ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೂ ಫ್ರಿಜ್‌ನ ಪಕ್ಕದ ಗೋಡೆಗಳು ಬೆಚ್ಚಗಾಗದಿದ್ದರೆ, ಗ್ಯಾಸು ಕಡಿಮೆಯಾಗಿದೆ. ಅಂದರೆ ಎಲ್ಲೋ ಸೋರಿದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ಸೋರಿದೆ? ಸೋರಿದ ಜಾಗ ಹುಡುಕಿ ಬೆಸೆಯದೆ, ಕೊಳವೆಯ ತೇವ ಹೀರುವ ಡ್ರೈಯರ್ ಬದಲಿಸದೆ, ಒಳಗಿನ ಗಾಳಿಯನ್ನೆಲ್ಲ ಎಳೆದು ವ್ಯಾಕ್ಯೂಮ್ ಮಾಡದೆ ಬರೀ ಗ್ಯಾಸ್ ತುಂಬಿದರೆ ಅದೇ ತೂತಿನಿಂದ ಅದು ಮತ್ತೆ ಹೋಗುತ್ತದೆ. ನಮ್ಮ ಅಕ್ಟೋಬರಿನ ರಿಪೇರಿ ಇಂಥದ್ದು. ಹಿಂಬದಿಯಲ್ಲಿ ಕಾಣುವ ಕೊಳವೆ ಸೋರಿದ್ದರೆ ಬೆಸೆಯಬಹುದು. ಈಗಿನ ಫ್ರಿಜ್‌ಗಳಲ್ಲಿ ಕೊಳವೆಯ ಬಹುಪಾಲು ಬಾಡಿಯ ಫೋಮಿನೊಳಗೆ ಹುದುಗಿರುತ್ತದೆ. ಅಲ್ಲಿ ತೂತಾದರೆ ಕೈ ಹೋಗುವುದಿಲ್ಲ, ಹಳೆಯ ಕೊಳವೆಯನ್ನು ಬಿಟ್ಟು ಹೊರಗಡೆ ಬೇರೆ ಕಾಯಿಲ್ ಕಟ್ಟಬೇಕು. ಖರ್ಚು ಒಮ್ಮೆಲೇ ಏರುವುದು ಇಲ್ಲೇ.

ಇನ್ನು ಎರಡನೆಯ ಪ್ರಶ್ನೆ, ಕೆಟ್ಟದ್ದು ಯಾರಿಂದ? ಇಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳಬಾರದು. ಸಿಂಗಲ್ ಡೋರ್ ಫ್ರಿಜ್‌ನ ಫ್ರೀಜರಿನಲ್ಲಿ ಗಟ್ಟಿಯಾದ ಐಸನ್ನು ಚಾಕುವಿನಿಂದ ಕೆತ್ತಿ ತೆಗೆಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಆ ಅಲ್ಯೂಮಿನಿಯಂ ತಗಡಿನೊಳಗೇ ಗ್ಯಾಸಿನ ಹಾದಿ ಇರುವುದು. ಚಾಕುವಿನ ತುದಿ ತಾಕಿ 'ಸುಸ್' ಎಂದಿತೆಂದರೆ ಮುಗಿಯಿತು. ಮೆಕ್ಯಾನಿಕ್‌ಗೆ ಆ ಗಾಯ ಕಣ್ಣಿಗೇ ಕಾಣುತ್ತದೆ. ಹಾಗೆ ಆಗಿದ್ದರೆ ಹೊಸದು ಕೇಳುವ ಹಕ್ಕು ನಮಗಿಲ್ಲ, ನಷ್ಟ ತುಂಬಿಕೊಡಬೇಕಾದವರು ನಾವು. ಆದರೆ ಆಗಲೂ ಕೊಡಬೇಕಾದದ್ದು ಆ ಹಳೆಯ ಫ್ರಿಜ್‌ನ ಇವತ್ತಿನ ಬೆಲೆ, ಹೊಸದರ ಬೆಲೆಯಲ್ಲ. ಡೆಪಾಸಿಟ್‌ನಿಂದ ಹೊಸದರ ಪೂರ್ತಿ ಬೆಲೆ ಹಿಡಿಯಲು ಓನರ್ ಹೊರಟರೆ ಇದನ್ನು ನೆನಪಿಸಿ.

ಹಳೆಯ ಫ್ರಿಜ್‌ನ ಬೆಲೆ ಅಂದರೆ ಯಾವ ಬೆಲೆ?

ರಿಪೇರಿ ಖರ್ಚು ಫ್ರಿಜ್‌ನ ಬೆಲೆಗಿಂತ ಜಾಸ್ತಿ ಎನ್ನುವವರು ಆ ಬೆಲೆ ಎಷ್ಟೆಂದು ತೋರಿಸಬೇಕು. ಎಕ್ಸ್‌ಚೇಂಜ್‌ನಲ್ಲಿ ಅಂಗಡಿಯವರು ಹಿಡಿಯುವ ಬೆಲೆ ತೀರಾ ಕಡಿಮೆ, ಅದನ್ನು ಮುಂದಿಟ್ಟರೆ ಓನರ್ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವರು ಹತ್ತು ವರ್ಷದ ಹಿಂದೆ ಕೊಟ್ಟ ಬೆಲೆಯೂ ಲೆಕ್ಕಕ್ಕಿಲ್ಲ. ನ್ಯಾಯವಾದ ಅಳತೆ ಎಂದರೆ ಅದೇ ಅಳತೆಯ, ಅಷ್ಟೇ ಹಳೆಯ, ಚೆನ್ನಾಗಿ ಓಡುತ್ತಿರುವ ಫ್ರಿಜ್ಜನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯವರು ಈಗ ಎಷ್ಟಕ್ಕೆ ಮಾರುತ್ತಾರೆ ಎಂಬುದು. ಎರಡು ಅಂಗಡಿಯಲ್ಲಿ ವಿಚಾರಿಸಿ, ಆನ್‌ಲೈನ್ ಜಾಹೀರಾತುಗಳ ಒಂದೆರಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಯಸ್ಸು ತಿಳಿಯಲು ಊಹೆ ಬೇಡ. ಫ್ರಿಜ್‌ನ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಮಾಡೆಲ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ತಯಾರಾದ ತಿಂಗಳು, ವರ್ಷ ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ನಮ್ಮದು 2013ರದ್ದು. "ಆರೇಳು ವರ್ಷ ಆಗಿರಬಹುದಮ್ಮ ಅಷ್ಟೆ" ಎನ್ನುತ್ತಿದ್ದ ಓನರ್‌ಗೆ ಆ ಸ್ಟಿಕ್ಕರಿನ ಫೋಟೋ ಕಳಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ವಯಸ್ಸು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಲವು ಕಂಪನಿಗಳು ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಕೊಡುತ್ತವೆ. ಫ್ರಿಜ್ ಎಂಟು ವರ್ಷದ್ದಾಗಿದ್ದು ಓನರ್ ಬಳಿ ಬಿಲ್ ಸಿಕ್ಕರೆ ಕಂಪ್ರೆಸರ್ ಪುಕ್ಕಟೆ ಬಂದೀತು. ಗ್ಯಾಸು, ಕೂಲಿ ಮಾತ್ರ ಕೊಡಬೇಕಾಗುತ್ತದೆ. ಆಗ ರಿಪೇರಿಯೇ ಸರಿಯಾದ ದಾರಿ. ಬಿಲ್ ಹುಡುಕಿಸುವ ಮೊದಲೇ "ಹೊಸದು ಕೊಡಿಸಿ" ಎಂದು ಹಠ ಹಿಡಿಯಬೇಡಿ.

ಎಸ್ಟಿಮೇಟನ್ನು ಕಂಪನಿಯ ಸರ್ವೀಸ್ ಸೆಂಟರಿನಿಂದಲೇ, ಬರವಣಿಗೆಯಲ್ಲಿ, ಮಾಡೆಲ್ ನಂಬರ್ ಸಮೇತ ತೆಗೆದುಕೊಳ್ಳಿ. ನೋಡಲು ಬಂದದ್ದಕ್ಕೆ ಅವರು ಹಿಡಿಯುವ ವಿಸಿಟ್ ಚಾರ್ಜನ್ನು ನೀವೇ ಕೊಟ್ಟುಬಿಡಿ, ಆ ಕೆಲವು ನೂರಕ್ಕೆ ಓನರ್ ಜೊತೆ ಜಗ್ಗಾಟ ಬೇಡ. ನಮಗೆ ಬಂದ ಎಸ್ಟಿಮೇಟು 9,400: ಬಾಡಿಯೊಳಗಿನ ಕೊಳವೆ ಸೋರಿಕೆ, ಹೊರಗೆ ಹೊಸ ಕಾಯಿಲ್, ಕಂಪ್ರೆಸರ್ ದುರ್ಬಲವಾಗಿರುವುದರಿಂದ ಅದೂ ಹೊಸದು, ಡ್ರೈಯರ್, ಗ್ಯಾಸು, ಕೂಲಿ. ಮಾಡಿದ ಕೆಲಸಕ್ಕೆ ಮೂರು ತಿಂಗಳ ಗ್ಯಾರಂಟಿ. ಅಂಥದ್ದೇ ಫ್ರಿಜ್‌ಗೆ ಎರಡು ಸೆಕೆಂಡ್‌ಹ್ಯಾಂಡ್ ಅಂಗಡಿಯವರು ಹೇಳಿದ್ದು 6,500 ಮತ್ತು 7,000. ಅಲ್ಲಿಗೆ ರಿಪೇರಿ ಖರ್ಚು ಫ್ರಿಜ್‌ನ ಬೆಲೆಯನ್ನು ಮೀರಿತ್ತು.

ದಾರಿಗಳನ್ನು ಪಕ್ಕಪಕ್ಕ ಇಟ್ಟಾಗ

ಒಟ್ಟು ಮೊತ್ತವನ್ನು ನೋಡಿದರೆ ಗ್ಯಾಸ್ ತುಂಬಿಸುವುದೇ ಅಗ್ಗ, ಹೊಸದು ದುಬಾರಿ ಎಂದು ಕಾಣುತ್ತದೆ. ಓನರ್ ನೋಡುವುದೂ ಹಾಗೆಯೇ. ಅದೇ ಮೊತ್ತವನ್ನು ಎಷ್ಟು ವರ್ಷ ಬಾಳುತ್ತದೆ ಎಂಬುದರಿಂದ ಭಾಗಿಸಿ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ.

ಬರೀ ಗ್ಯಾಸ್ ತುಂಬಿಸುವುದು 2,800. ಹಿಂದಿನದು ಐದು ತಿಂಗಳು ಬಂತು. ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 6,700. ಪೂರ್ತಿ ರಿಪೇರಿ 9,400. ಹನ್ನೆರಡು ವರ್ಷದ ಫ್ರಿಜ್ ಇನ್ನೆರಡು ವರ್ಷ ಓಡೀತು ಎಂದುಕೊಂಡರೂ ವರ್ಷಕ್ಕೆ 4,700, ಅಷ್ಟರಲ್ಲಿ ಫ್ಯಾನೋ ರಬ್ಬರೋ ಬೇರೆ ಏನೋ ಹೋದರೆ ಅದು ಬೇರೆ. ಚೆನ್ನಾಗಿರುವ, ನಾಲ್ಕೈದು ವರ್ಷ ಹಳೆಯ ಸೆಕೆಂಡ್‌ಹ್ಯಾಂಡ್ ಡಬಲ್ ಡೋರ್ ಒಂದಕ್ಕೆ ಮನೆಗೆ ತಂದಿಳಿಸುವುದೂ ಸೇರಿ 12,000 ಹೇಳಿದ್ದರು, ಆರು ತಿಂಗಳ ಗ್ಯಾರಂಟಿ. ನಾಲ್ಕು ವರ್ಷ ಬಂದರೆ ವರ್ಷಕ್ಕೆ 3,000. ಹೊಸ 250 ಲೀಟರಿನದು ಎಕ್ಸ್‌ಚೇಂಜ್ ಕಳೆದು 25,000. ಹತ್ತು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ 2,500. ಮೊದಲ ವರ್ಷ ವಾರಂಟಿಯಲ್ಲೇ ಕಳೆಯುತ್ತದೆ, ಮೈಸೂರಿನಲ್ಲಿ ಕೂತ ಓನರ್‌ಗೆ ನಮ್ಮ ಫೋನಿನ ಕಾಟವೂ ಇರುವುದಿಲ್ಲ.

ಇಷ್ಟೂ ಓನರ್ ಕಡೆಯ ಲೆಕ್ಕ. ನಮ್ಮ ಕಡೆಯ ಲೆಕ್ಕದಲ್ಲಿ ಮುಖ್ಯವಾದದ್ದು ಕರೆಂಟು. ಸೋರಿದ ಫ್ರಿಜ್‌ನ ಕಂಪ್ರೆಸರ್ ಬೇಕಾದಷ್ಟು ತಂಪು ಸಿಗದೆ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. 150 ವ್ಯಾಟ್ ಎಳೆಯುವ ಕಂಪ್ರೆಸರ್ ನಿಲ್ಲದೆ ಓಡಿದರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿಯಲ್ಲಿರುವ ಬಾಡಿಗೆದಾರರಿಗೆ ಇದು ಎರಡು ಕಡೆಯಿಂದ ಹೊಡೆತ. ಮನೆಗೆ ನಿಗದಿಯಾದ ಯೂನಿಟ್ ಮೀರಿದ್ದಕ್ಕೆ ಕಟ್ಟಬೇಕು, 200 ದಾಟಿದರಂತೂ ಆ ತಿಂಗಳ ಪೂರ್ತಿ ಬಿಲ್ಲೇ ನಮ್ಮ ಮೇಲೆ. ಹಾಗಾಗಿ ಕೆಟ್ಟ ಫ್ರಿಜ್ಜನ್ನು "ಸ್ವಲ್ಪ ತಂಪಾಗುತ್ತಲ್ಲ, ಇರಲಿ" ಎಂದು ತಿಂಗಳುಗಟ್ಟಲೆ ಓಡಿಸಬೇಡಿ. ಹಿಂದಿನ ಮೂರು ತಿಂಗಳ ಬಿಲ್ ಮತ್ತು ಈ ತಿಂಗಳ ಬಿಲ್ಲನ್ನು ಒಟ್ಟಿಗೆ ಫೋಟೋ ತೆಗೆದು ಓನರ್‌ಗೆ ಕಳಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಓನರ್ ಯಾವುದಕ್ಕೂ ಒಪ್ಪದಿದ್ದರೆ ಉಳಿಯುವ ದಾರಿ ನಾವೇ ಕೊಳ್ಳುವುದು. ಇದರಲ್ಲಿ ಎರಡು ಬಗೆ ಇದೆ. ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅವು ಬೇರೆ ಬೇರೆ.

ಒಂದು, ಫ್ರಿಜ್ ನಮ್ಮದೇ. ಬಿಲ್ ನಮ್ಮ ಹೆಸರಲ್ಲಿ, ಮನೆ ಬಿಡುವಾಗ ನಮ್ಮ ಜೊತೆ ಬರುತ್ತದೆ. ಓನರ್ ತಮ್ಮ ಹಳೆಯದನ್ನು ಒಯ್ಯಬೇಕು, ಬಾಡಿಗೆಯಲ್ಲಿ ಸ್ವಲ್ಪ ಇಳಿಸಬೇಕು. ನಾವು ತಿಂಗಳಿಗೆ 500 ಇಳಿಸಿ ಎಂದು ಕೇಳಬೇಕೆಂದಿದ್ದೆವು. 25,000ದ ಫ್ರಿಜ್‌ಗೆ ತಿಂಗಳಿಗೆ 500 ವಾಪಸ್ ಬಂದರೆ ಅಸಲು ಕೈಗೆ ಬರಲು ಐವತ್ತು ತಿಂಗಳು ಬೇಕು. ಅಷ್ಟು ದಿನ ಈ ಮನೆಯಲ್ಲಿರುತ್ತೇವೋ ಇಲ್ಲವೋ, ಆದರೆ ಫ್ರಿಜ್ ಕೈಯಲ್ಲಿ ಉಳಿಯುತ್ತದೆ. ಓನರ್ ಕಡೆಯಿಂದ ನೋಡಿದರೆ ವರ್ಷಕ್ಕೆ 6,000 ಬಾಡಿಗೆ ನಷ್ಟ. ಹೊಸದು ಕೊಡಿಸಿದರೆ ಬರುವ 2,500ಕ್ಕಿಂತ ಅದು ಎರಡು ಪಟ್ಟಿಗೂ ಜಾಸ್ತಿ. ಈ ಒಂದು ಹೋಲಿಕೆಯನ್ನು ಶಾಂತವಾಗಿ ಮುಂದಿಟ್ಟರೆ ಸಾಕು, ಹೊಸದು ಕೊಡಿಸುವ ಕಡೆಗೆ ಬಹಳ ಓನರ್‌ಗಳು ತಾವೇ ಬರುತ್ತಾರೆ.

ಎರಡನೆಯದು, ನಾವು ಕೊಂಡು ಬಾಡಿಗೆಯಲ್ಲಿ ಕಂತುಕಂತಾಗಿ ಹಿಡಿದುಕೊಳ್ಳುವುದು, ಫ್ರಿಜ್ ಓನರ್‌ದ್ದು. ಜಗಳ ಹೆಚ್ಚಾಗಿ ಹುಟ್ಟುವುದು ಇದರಲ್ಲೇ ಎಂದು ನನ್ನ ಅನಿಸಿಕೆ. ಬಿಲ್ ಯಾರ ಹೆಸರಲ್ಲಿ? ತಿಂಗಳಿಗೆ 5,000ದಂತೆ ಐದು ತಿಂಗಳು ಹಿಡಿಯುವ ಮಾತಾಗಿ, ಎರಡೇ ತಿಂಗಳಿಗೆ ಓನರ್ ಮಗನಿಗೆ ಮನೆ ಬೇಕೆಂದು ಖಾಲಿ ಮಾಡಿಸಿದರೆ ಉಳಿದ 15,000 ಎಲ್ಲಿಂದ? ನಮ್ಮ ಸ್ನೇಹಿತರ ಮನೆಯಲ್ಲಿ ಹೀಗೇ ಆಗಿ, ಆ ಬಾಕಿಯನ್ನು ಡೆಪಾಸಿಟ್ ಜೊತೆ ವಾಪಸ್ ಪಡೆಯಲು ನಾಲ್ಕು ತಿಂಗಳು ಓಡಾಡಿದರು. ಈ ದಾರಿಯೇ ಆಗಬೇಕೆಂದರೆ ಮೊತ್ತ, ಕಂತು, ನಡುವೆ ಮನೆ ಬಿಟ್ಟರೆ ಬಾಕಿ ಯಾವಾಗ ಕೊಡಬೇಕು, ಮೂರನ್ನೂ ಬರೆಸಿಕೊಂಡೇ ಅಂಗಡಿಗೆ ಹೋಗಿ.

ಆಯ್ಕೆ ಕೊನೆಗೆ ನಿಲ್ಲುವುದು ನೀವು ಇನ್ನೆಷ್ಟು ದಿನ ಆ ಮನೆಯಲ್ಲಿರುತ್ತೀರಿ ಎಂಬುದರ ಮೇಲೆ. ಆರೇಳು ತಿಂಗಳಲ್ಲಿ ಬಿಡುವವರು ಹೊಸದಕ್ಕೇ ಪಟ್ಟು ಹಿಡಿಯುವುದರಲ್ಲಿ ಅರ್ಥವಿಲ್ಲ. ಓನರ್ ಒಂದು ಒಳ್ಳೆಯ ಸೆಕೆಂಡ್‌ಹ್ಯಾಂಡ್ ತಂದು ಕೊಟ್ಟರೂ ಸಾಕು, ಅಥವಾ ತಿಂಗಳ ಬಾಡಿಗೆಗೆ ಫ್ರಿಜ್ ಕೊಡುವವರಿಂದ ತರಿಸಿ ಆ ಬಾಡಿಗೆಯನ್ನು ಹಂಚಿಕೊಳ್ಳಬಹುದು. ಎರಡು ವರ್ಷಕ್ಕಿಂತ ಹೆಚ್ಚು ಇರುವವರು ಹೊಸದನ್ನೇ ಕೇಳಿ. ಸ್ವಂತ ಮನೆ ಕಟ್ಟುತ್ತಿರುವವರು, ಮದುವೆಯಾಗಿ ಸಂಸಾರ ಹೂಡುತ್ತಿರುವವರು ಹೇಗೂ ಫ್ರಿಜ್ ಕೊಳ್ಳಬೇಕಾದವರೇ. ಅವರಿಗೆ ತಮ್ಮದನ್ನೇ ಕೊಂಡು ಬಾಡಿಗೆ ಇಳಿಸಿಕೊಳ್ಳುವುದು ಲಾಭ.

ಕರಾರು ಏನು ಹೇಳುತ್ತದೆ, ಕಾನೂನು ಎಲ್ಲಿಯವರೆಗೆ ಬರುತ್ತದೆ

ಕೆಟ್ಟ ಫ್ರಿಜ್‌ಗೆ ಬದಲು ಹೊಸದು ಕೊಡಲೇಬೇಕು ಎಂದು ಓನರ್‌ಗೆ ನೇರವಾಗಿ ಹೇಳುವ ಕಾನೂನನ್ನು ಹುಡುಕಿಕೊಂಡು ಹೋಗಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯವಾಗುವುದೇ ಇಲ್ಲ. ಉಳಿಯುವುದು ನಿಮ್ಮ ಹನ್ನೊಂದು ತಿಂಗಳ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆ ಕಾಯ್ದೆಯ 108ನೇ ಕಲಂ, ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎನ್ನುತ್ತದೆ. ಇದನ್ನು ಓದಿ ಹಲವರು ಫ್ರಿಜ್‌ಗೂ ಹಾಗೆಯೇ ಮಾಡಲು ಹೋಗುತ್ತಾರೆ. ಆದರೆ ಆ ಮಾತು ಇರುವುದು ಮನೆಯ ಬಗ್ಗೆ, ಅದೂ ಮಾಲೀಕನೇ ಮಾಡಿಸಬೇಕಾದ ರಿಪೇರಿಯ ಬಗ್ಗೆ. ಫ್ರಿಜ್ ಎತ್ತಿ ಒಯ್ಯಬಹುದಾದ ವಸ್ತು. ಓನರ್ ಒಪ್ಪಿಗೆ ಬರವಣಿಗೆಯಲ್ಲಿ ಇಲ್ಲದೆ ಬಾಡಿಗೆ ಹಿಡಿದರೆ ಅದು ಬಾಡಿಗೆ ಬಾಕಿ ಎಂದೇ ಲೆಕ್ಕವಾದೀತು, ಮನೆ ಬಿಡಿಸಲು ನೆಪವೂ ಆದೀತು.

ನಮ್ಮ ಪರವಾಗಿ ಇರುವುದೇನು? ಅದೇ ಕಲಂ ಸಹಜ ಸವೆತಕ್ಕೆ ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲ. 1872ರ ಕರಾರು ಕಾಯ್ದೆಯ 151ನೇ ಕಲಂ, ಬೇರೆಯವರ ವಸ್ತುವನ್ನು ಇಟ್ಟುಕೊಂಡವನು ತನ್ನ ವಸ್ತುವನ್ನು ನೋಡಿಕೊಳ್ಳುವ ವಿವೇಕಿಯಷ್ಟು ಜೋಪಾನ ಮಾಡಿದರೆ ಸಾಕು ಎನ್ನುತ್ತದೆ. ಹನ್ನೆರಡು ವರ್ಷಕ್ಕೆ ಕೊಳವೆ ತೂತಾದದ್ದಕ್ಕೆ ನಾವು ದಂಡ ಕೊಡಬೇಕಿಲ್ಲ ಎನ್ನುವವರೆಗೆ ಇವು ಸಹಾಯಕ್ಕೆ ಬರುತ್ತವೆ. ಹೊಸದು ಪಡೆಯಲು ನಿಜವಾದ ಬಲ ಕರಾರಿನ ಕೊನೆಯಲ್ಲಿರುವ ಸಾಮಾನಿನ ಪಟ್ಟಿ. ಅದರಲ್ಲಿ ಫ್ರಿಜ್ ಇದೆ ಎಂದರೆ ನಾವು ಕೊಡುವ ಬಾಡಿಗೆಯಲ್ಲಿ ಅದರ ಪಾಲೂ ಇದೆ. ಪಟ್ಟಿಯಲ್ಲಿ ಇಲ್ಲದೆ "ಅಲ್ಲೇ ಇದೆ, ಬೇಕಾದರೆ ಉಪಯೋಗಿಸಿಕೊಳ್ಳಿ" ಎಂದು ಬಿಟ್ಟುಹೋದ ಫ್ರಿಜ್ ಆಗಿದ್ದರೆ ಕೇಳುವ ದನಿಯೇ ಬೇರೆಯಾಗಬೇಕು. ಅದು ಕೋರಿಕೆಯೇ ಹೊರತು ಹಕ್ಕಲ್ಲ.

ಕೇಳಿದ್ದು ಹೀಗೆ

ಫೋನಿನಲ್ಲಿ ಮಾತು ಶುರುಮಾಡಿ ವಾಟ್ಸಾಪಿನಲ್ಲಿ ಬರೆದು ಕಳಿಸುವುದು ಒಳ್ಳೆಯದು. ಬರೀ ಮೆಸೇಜ್ ಹೋದರೆ ನೋಟಿಸ್ ಕೊಟ್ಟ ಹಾಗಾಗುತ್ತದೆ, ಬರೀ ಫೋನ್ ಆದರೆ ದಾಖಲೆ ಉಳಿಯುವುದಿಲ್ಲ. ಫೋನಿನಲ್ಲಿ ಓನರ್ ಮೊದಲು ಹೇಳಿದ್ದು ನಿರೀಕ್ಷಿಸಿದ್ದೇ: "ಇನ್ನೊಂದು ಸಲ ಗ್ಯಾಸ್ ಹಾಕಿಸಿಬಿಡಮ್ಮ, ಬೇಸಿಗೆ ಕಳೀಲಿ, ಆಮೇಲೆ ನೋಡೋಣ." ನಾನು ವಾದಕ್ಕೆ ಹೋಗದೆ, ಎಲ್ಲಾ ವಿವರ ಕಳಿಸುತ್ತೇನೆ, ನೋಡಿ ಹೇಳಿ ಎಂದೆ. ಕಳಿಸಿದ ಮೆಸೇಜು ಇಷ್ಟು:

"ನಮಸ್ಕಾರ ಅಂಕಲ್. ಇವತ್ತು ಕಂಪನಿಯವರು ಬಂದು ಫ್ರಿಜ್ ನೋಡಿದರು. ಬಾಡಿಯೊಳಗಿನ ಪೈಪ್ ಸೋರುತ್ತಿದೆ, ಕಂಪ್ರೆಸರ್ ಕೂಡ ವೀಕ್ ಆಗಿದೆ ಅಂದರು. ಎಸ್ಟಿಮೇಟ್ 9,400, ಫೋಟೋ ಕಳಿಸಿದ್ದೇನೆ. ಫ್ರಿಜ್ 2013ರದ್ದು, ಸ್ಟಿಕ್ಕರ್ ಫೋಟೋನೂ ಇದೆ. ಇಂಥದ್ದೇ ಹಳೇ ಫ್ರಿಜ್ ಅಂಗಡಿಯಲ್ಲಿ 7,000ಕ್ಕೆ ಸಿಗುತ್ತೆ. ಅಕ್ಟೋಬರ್‌ನಲ್ಲಿ ಹಾಕಿಸಿದ ಗ್ಯಾಸ್ ಐದು ತಿಂಗಳು ಬಂತು. ನಾವು ಇನ್ನೂ ಎರಡು ವರ್ಷ ಇಲ್ಲೇ ಇರೋಣ ಅಂದುಕೊಂಡಿದ್ದೇವೆ. ಹೊಸದು ಕೊಡಿಸಿದರೆ ಅನುಕೂಲ, ಬಿಲ್ ನಿಮ್ಮ ಹೆಸರಲ್ಲೇ ಮಾಡಿಸುತ್ತೇವೆ. ಬೇಡ ಅಂದರೆ ನಾವೇ ಒಂದು ತಗೋತೀವಿ, ಹಳೇದನ್ನು ನೀವು ತಗೊಂಡು ಹೋಗಿ ಬಾಡಿಗೆಯಲ್ಲಿ ತಿಂಗಳಿಗೆ 500 ಕಡಿಮೆ ಮಾಡಿಕೊಡಿ. ಭಾನುವಾರದೊಳಗೆ ತಿಳಿಸಿದರೆ ಒಳ್ಳೆಯದು ಅಂಕಲ್, ಬಿಸಿಲು ಜಾಸ್ತಿ, ಹಾಲು ನಿಲ್ಲುತ್ತಿಲ್ಲ."

ಇದರಲ್ಲಿ ಆಯ್ಕೆ ಎರಡೇ ಇಟ್ಟಿರುವುದನ್ನು ಗಮನಿಸಿ. ಮೇಲಿನ ಅಷ್ಟೂ ದಾರಿಗಳನ್ನು ಬರೆದಿದ್ದರೆ ಉತ್ತರ ಬರುವುದಕ್ಕೆ ತಿಂಗಳಾಗುತ್ತಿತ್ತು. ಇನ್ನೂ ಎಷ್ಟು ದಿನ ಇರುತ್ತೇವೆ ಎಂದು ಹೇಳಿದ್ದೂ ಮುಖ್ಯ. ಫ್ರಿಜ್ ಕೊಡಿಸಿದ ಮರುತಿಂಗಳೇ ಮನೆ ಬಿಟ್ಟುಹೋದಾರು ಎಂಬುದು ಓನರ್‌ಗಳ ದೊಡ್ಡ ಅಂಜಿಕೆ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 26,000, ಹೊಸ ಫ್ರಿಜ್‌ಗಿಂತ ಜಾಸ್ತಿ. ಆ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಬಾಯಿಬಿಟ್ಟು ಹೇಳಿ ಬೆದರಿಸಿದಂತೆ ಮಾಡಬಾರದು.

ವಾಷಿಂಗ್ ಮಷಿನ್ ಆದರೆ

ವಾಷಿಂಗ್ ಮಷಿನ್ ವಿಷಯದಲ್ಲಿ ಅವಸರ ಕಡಿಮೆ, ವಾದ ಜಾಸ್ತಿ. ಬಟ್ಟೆಯನ್ನು ಕೈಯಲ್ಲಿ ಒಗೆಯಬಹುದಲ್ಲ ಎಂಬ ಮಾತು ಬಂದೇ ಬರುತ್ತದೆ. ಯಾರ ತಪ್ಪು ಎಂಬುದನ್ನು ತೀರ್ಮಾನಿಸುವುದೂ ಕಷ್ಟ.

ನೀರು ಹೊರಹೋಗದಿದ್ದರೆ ಮೊದಲು ಕೆಳಗಿನ ಫಿಲ್ಟರ್ ಬಿಚ್ಚಿ ನೋಡಿ. ನಾಣ್ಯ, ಪಿನ್ನು, ಕರ್ಚೀಫು ಸಿಕ್ಕಿದ್ದರೆ ಅದು ನಮ್ಮ ಜವಾಬ್ದಾರಿ. ಬೋರ್ಡ್ ಹೋಗಿದೆ, ಹೊಸ ಬೋರ್ಡಿಗೆ ಇಷ್ಟು ಸಾವಿರ ಎಂದು ಕಂಪನಿಯವರು ಹೇಳಿದರೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಸುಟ್ಟ ಬಿಡಿಭಾಗವನ್ನಷ್ಟೇ ಬದಲಿಸಿ ಬೋರ್ಡ್ ರಿಪೇರಿ ಮಾಡಿಕೊಡುವವರು ನಗರದಲ್ಲಿದ್ದಾರೆ, ಖರ್ಚು ಬಹಳ ಕಡಿಮೆಯಾಗುತ್ತದೆ.

ರಿಪೇರಿ ಖರ್ಚು ಮಷಿನ್‌ನ ಬೆಲೆಯನ್ನು ಮೀರುವ ಸಂದರ್ಭ ಹೆಚ್ಚಾಗಿ ಬರುವುದು ಫ್ರಂಟ್ ಲೋಡ್ ಮಷಿನ್‌ನ ಬೇರಿಂಗ್ ಹೋದಾಗ. ಸ್ಪಿನ್ ಆಗುವಾಗ ವಿಮಾನ ಏಳುವ ಹಾಗೆ ಸದ್ದು ಬರುತ್ತದೆ. ಪ್ಲಗ್ ಕಿತ್ತು, ಡ್ರಮ್ಮಿನ ಅಂಚನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಹೊರಗಿನ ಟಬ್ ನಿಂತಲ್ಲೇ ಇದ್ದು ಡ್ರಮ್ ಮಾತ್ರ ಲಟಲಟ ಅಲುಗಿದರೆ ಬೇರಿಂಗ್ ಸವೆದಿದೆ. ಆಯಿಲ್ ಸೀಲ್ ಸವೆದು ನೀರು ಬೇರಿಂಗಿಗೆ ಇಳಿಯುವುದರಿಂದ ಹೀಗಾಗುತ್ತದೆ, ವರ್ಷಗಳು ಉರುಳಿದಂತೆ ಆಗುವ ಸಹಜ ಸವೆತ. ಬೇರಿಂಗ್ ಅಗ್ಗದ ವಸ್ತು, ಆದರೆ ಕೆಲವು ಮಾಡೆಲ್‌ಗಳಲ್ಲಿ ಟಬ್ಬನ್ನು ಬಿಚ್ಚಲಾಗದ ಹಾಗೆ ಬೆಸೆದಿರುತ್ತಾರೆ. ಆಗ ಇಡೀ ಟಬ್ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಎಂಟೊಂಬತ್ತು ವರ್ಷದ ಮಷಿನ್‌ಗೆ ಅಷ್ಟು ಖರ್ಚು ಮಾಡುವುದು ವ್ಯರ್ಥ.

ಇಲ್ಲಿ ಓನರ್ ಎತ್ತುವ ಆಕ್ಷೇಪ ಬೋರ್‌ವೆಲ್ ನೀರಿನದು: "ನೀವು ಡಿಸ್ಕೇಲ್ ಮಾಡಲಿಲ್ಲ, ಉಪ್ಪು ಕಟ್ಟಿ ಹಾಳಾಯಿತು." ಹೀಟರಿಗೆ ಬಿಳಿ ಪದರ ಕಟ್ಟುವುದು ಗಡಸು ನೀರಿನ ಗುಣ, ಆಗಾಗ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಓಡಿಸುವುದು ಬಾಡಿಗೆದಾರರ ಕೆಲಸವೇ. ಪುಡಿ ಕೊಂಡ ಬಿಲ್ ಇಟ್ಟುಕೊಂಡಿದ್ದರೆ ಈ ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿ ಕೇಳುವಾಗ ಫ್ರಂಟ್ ಲೋಡ್‌ಗೆ ಫ್ರಂಟ್ ಲೋಡೇ ಬೇಕೆನ್ನದೆ ಟಾಪ್ ಲೋಡ್‌ಗೆ ಇಳಿದರೆ ಓನರ್ ಖರ್ಚು ಕಡಿಮೆಯಾಗುತ್ತದೆ, ಒಪ್ಪಿಗೆಯೂ ಬೇಗ ಸಿಗುತ್ತದೆ. ಸೆಮಿ ಆಟೋಮ್ಯಾಟಿಕ್ ಇನ್ನೂ ಅಗ್ಗ, ಆದರೆ ಒಗೆದ ಬಟ್ಟೆಯನ್ನು ಎತ್ತಿ ಪಕ್ಕದ ತೊಟ್ಟಿಗೆ ಹಾಕುತ್ತಾ ಹತ್ತಿರವೇ ನಿಂತಿರಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದನ್ನು ನಾನು ಹೇಳುವುದಿಲ್ಲ.

ನಮ್ಮ ಫ್ರಿಜ್ ಏನಾಯಿತು

ಭಾನುವಾರ ಬೆಳಿಗ್ಗೆ ಓನರ್ ಫೋನ್ ಮಾಡಿದರು. "ನೋಡಮ್ಮ, ಸಿಂಗಲ್ ಡೋರ್ ಆದರೆ 17,000ಕ್ಕೆ ಬರುತ್ತೆ, ಅಷ್ಟು ನಾನು ಹಾಕ್ತೀನಿ. ಡಬಲ್ ಡೋರೇ ಬೇಕು ಅಂದರೆ ಮೇಲಿನದ್ದು ನಿಮ್ಮದು." ಮನೆ ಜೊತೆ ಕೊಟ್ಟಿದ್ದು ಡಬಲ್ ಡೋರ್, ಬದಲಿಯೂ ಅದೇ ಇರಬೇಕು ಎಂದು ಪಟ್ಟು ಹಿಡಿಯಬಹುದಿತ್ತು. ಹನ್ನೆರಡು ವರ್ಷದ ಹಳೆಯದಕ್ಕೆ ಬದಲು ಅವರು ಹೊಸದನ್ನೇ ಕೊಡಲು ಬಂದಿದ್ದರು, ನಮಗೂ ಡಬಲ್ ಡೋರ್ ಬೇಕಿತ್ತು. ಹಾಗಾಗಿ 8,000 ನಾವು ಹಾಕಲು ಒಪ್ಪಿದೆವು. ಆದರೆ ಪಾಲು ಹಾಕಿದ ಮೇಲೆ ಫ್ರಿಜ್ ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಮ್ಮ ಮನೆಯವರು ಒಂದು ದಾರಿ ಸೂಚಿಸಿದರು: ಬಿಲ್ಲೂ ಫ್ರಿಜ್ಜೂ ಪೂರ್ತಿ ಓನರ್‌ದ್ದು, ನಮ್ಮ 8,000 ಪ್ರತಿ ತಿಂಗಳು 200ರಂತೆ ಕರಗುತ್ತಾ ಹೋಗಲಿ, ಮನೆ ಬಿಡುವ ದಿನ ಉಳಿದದ್ದು ಡೆಪಾಸಿಟ್ ಜೊತೆ ವಾಪಸ್ ಬರಲಿ. ಹದಿನೆಂಟು ತಿಂಗಳಿಗೆ ಬಿಟ್ಟರೆ 3,600 ಕರಗಿ 4,400 ವಾಪಸ್, ನಲವತ್ತು ತಿಂಗಳು ಇದ್ದರೆ ಏನೂ ಇಲ್ಲ. ನಾವು ಉಪಯೋಗಿಸಿದಷ್ಟಕ್ಕೆ ನಾವು ಕೊಟ್ಟಂತಾಯಿತು. ಓನರ್ ಒಂದು ನಿಮಿಷ ಲೆಕ್ಕ ಹಾಕಿ ಒಪ್ಪಿಕೊಂಡರು.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು "ಕೊಡಬಹುದಾ ಅಂಕಲ್?" ಎಂದು ಕೇಳಿ, ಅವರ "ಆಗಲಿ" ಎಂಬ ಉತ್ತರ ವಾಟ್ಸಾಪಿನಲ್ಲಿ ಬಂದ ಮೇಲೆಯೇ ಅಂಗಡಿಯವರಿಗೆ ಎತ್ತಿಕೊಂಡು ಹೋಗಲು ಹೇಳಿದೆವು. ಕೆಟ್ಟು ನಿಂತಿದ್ದರೂ ಅದು ಅವರ ವಸ್ತು, ಎಕ್ಸ್‌ಚೇಂಜ್‌ನ ದುಡ್ಡೂ ಅವರದ್ದೇ. ಹೊಸದರ ಸೀರಿಯಲ್ ನಂಬರ್, ಬಿಲ್, ವಾರಂಟಿ ಕಾರ್ಡಿನ ಫೋಟೋಗಳನ್ನು ಅವತ್ತೇ ಕಳಿಸಿದೆವು. ಜುಲೈನಲ್ಲಿ ಕರಾರು ನವೀಕರಿಸುವಾಗ ಸಾಮಾನಿನ ಪಟ್ಟಿಯ ಕೆಳಗೆ ಎರಡು ಸಾಲು ಸೇರಿಸಿ ಇಬ್ಬರೂ ಸಹಿ ಮಾಡಿದೆವು: "2025ರ ಏಪ್ರಿಲ್‌ನಲ್ಲಿ ಕೊಂಡ ಫ್ರಿಜ್‌ಗೆ ಬಾಡಿಗೆದಾರರು ಕೊಟ್ಟ ರೂ. 8,000ದಲ್ಲಿ ತಿಂಗಳಿಗೆ ರೂ. 200ರಂತೆ ಕಳೆದು ಉಳಿದ ಮೊತ್ತವನ್ನು ಮನೆ ಖಾಲಿ ಮಾಡಿದ ದಿನ ಮುಂಗಡದೊಂದಿಗೆ ಹಿಂದಿರುಗಿಸತಕ್ಕದ್ದು. ಸಹಜ ಸವೆತದಿಂದ ಫ್ರಿಜ್ ಅಥವಾ ವಾಷಿಂಗ್ ಮಷಿನ್ ಕೆಟ್ಟು, ಕಂಪನಿಯ ಎಸ್ಟಿಮೇಟ್ ಹೊಸದರ ಅರ್ಧ ಬೆಲೆಯನ್ನು ಮೀರಿದರೆ ಮಾಲೀಕರು ಹದಿನೈದು ದಿನದೊಳಗೆ ಬದಲಿ ಕೊಡತಕ್ಕದ್ದು, ಇಲ್ಲವೇ ಬಾಡಿಗೆಯಲ್ಲಿ ತಿಂಗಳಿಗೆ ರೂ. 500 ಕಡಿಮೆ ಮಾಡತಕ್ಕದ್ದು."